ಕೆಂಪಿನ ಅಂಚಿಗೊಂದು ಗೆರೆ

ವೈದ್ಯರ ಮೊಬೈಲಿಗೆ ಬರುವ ಫೋಟೊಗಳಲ್ಲಿ ಕೆಂಪಾಗಿ ಊದಿಕೊಂಡ ಕಾಲಿಗೆ ಒಂದು ಖಾಯಂ ಜಾಗವಿದೆ. ಮಗನೋ ಸೊಸೆಯೋ ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ತೆಗೆದ ಚಿತ್ರ, ಅದರಡಿ ‘ಅಮ್ಮನ ಕಾಲು ಸರ್, ಏನಾಗಿರಬಹುದು?’ ಎಂಬ ಒಂದು ಸಾಲು. 2020ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ದೂರವೈದ್ಯಕೀಯಕ್ಕೆ ನಿಯಮಗಳನ್ನು ಪ್ರಕಟಿಸಿದ ಮೇಲೆ ಹೀಗೆ ಚಿತ್ರ ನೋಡಿ ಸಲಹೆ ಕೊಡುವುದು ಅಂಜುತ್ತಾ ಅಳುಕುತ್ತಾ ಮಾಡುವ ಕೆಲಸವಾಗಿ ಉಳಿದಿಲ್ಲ. ಹಾಗಾಗಿ ಆ ಒಂದು ಸಾಲಿನ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡಬೇಕಾಗಿದೆ.

ಅದರೊಳಗೆ ಇರುವುದು ಎರಡು ಪ್ರಶ್ನೆ. ಇದು ಯಾವ ಕಾಯಿಲೆ ಎಂಬುದು ಒಂದು. ಇದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಇನ್ನೊಂದು. ಜನ ಫೋಟೊ ಕಳಿಸುವುದು ಮೊದಲನೆಯದಕ್ಕೆ ಉತ್ತರ ಬೇಕೆಂದು. ಆದರೆ ಫೋಟೊ ನಂಬಿಕೆಗೆ ಅರ್ಹವಾಗುವುದು ಎರಡನೆಯದರಲ್ಲಿ, ಅದೂ ಕೆಂಪಿನ ಅಂಚಿಗೆ ಪೆನ್ನಿನಿಂದ ಒಂದು ಗೆರೆ ಎಳೆದಿದ್ದಾಗ, ಎಂಬುದು ನನ್ನ ವಾದ.

ಕಾಯಿಲೆಗಳಿಂದಲೇ ಶುರುಮಾಡೋಣ. ಸೆಲ್ಯುಲೈಟಿಸ್ ಎಂದರೆ ಚರ್ಮದ ಒಳಪದರ ಮತ್ತು ಅದರ ಕೆಳಗಿನ ಕೊಬ್ಬಿನಲ್ಲಿ ಹಬ್ಬುವ ಬ್ಯಾಕ್ಟೀರಿಯಾ ಸೋಂಕು. ಹೆಚ್ಚಿನ ಸಲ ಇದರ ಹಿಂದಿರುವುದು ಸ್ಟ್ರೆಪ್ಟೊಕಾಕಸ್ ಜಾತಿಯ ಜೀವಿಗಳು. ಅವು ಒಂದೆಡೆ ನಿಲ್ಲದೆ ಅಂಗಾಂಶದೊಳಗೆ ಹರಡುತ್ತಾ ಹೋಗುತ್ತವೆ. ಕೀವುಗಡ್ಡೆಯ ಸ್ವಭಾವ ಇದಕ್ಕೆ ವಿರುದ್ಧ. ಅಲ್ಲಿ ಸಾಮಾನ್ಯವಾಗಿ ಸ್ಟೆಫೈಲೊಕಾಕಸ್ ಆರಿಯಸ್ ಇರುತ್ತದೆ. ದೇಹ ಅದರ ಸುತ್ತ ಗೋಡೆ ಕಟ್ಟುತ್ತದೆ, ಒಳಗೆ ಕೀವು ತುಂಬುತ್ತದೆ. ಈ ವ್ಯತ್ಯಾಸ ಚಿಕಿತ್ಸೆಯನ್ನೇ ಬದಲಿಸುತ್ತದೆ. ಸೆಲ್ಯುಲೈಟಿಸ್‌ಗೆ ಆ್ಯಂಟಿಬಯಾಟಿಕ್ ಬೇಕು, ಕತ್ತರಿಸುವುದಕ್ಕೆ ಅಲ್ಲಿ ಏನೂ ಇರುವುದಿಲ್ಲ. ಕೀವುಗಡ್ಡೆಯನ್ನು ಸೀಳಿ ಕೀವು ತೆಗೆಯಬೇಕು. ರಕ್ತ ಓಡಾಡದ ಆ ಗೂಡಿನೊಳಕ್ಕೆ ಮಾತ್ರೆಯ ಔಷಧ ಸರಿಯಾಗಿ ತಲುಪುವುದಿಲ್ಲ, ತಲುಪಿದರೂ ಕೀವಿನ ನಡುವೆ ಅದು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಒಂದನ್ನು ಇನ್ನೊಂದೆಂದು ತಿಳಿದರೆ ಒಬ್ಬರಿಗೆ ವಿನಾಕಾರಣ ಚಾಕು, ಇನ್ನೊಬ್ಬರಿಗೆ ವಾರಗಟ್ಟಲೆ ಫಲವಿಲ್ಲದ ಮಾತ್ರೆ.

ಫೋಟೊದಲ್ಲಿ ಇವೆರಡನ್ನು ಬೇರೆ ಮಾಡುವುದು ಕೆಲವೊಮ್ಮೆ ನಿಜಕ್ಕೂ ಸುಲಭ. ಗಡ್ಡೆಗೆ ಒಂದು ನಡುವಿರುತ್ತದೆ. ಗುಮ್ಮಟದಂತೆ ಎದ್ದ ಉಬ್ಬು, ಬಿಗಿದು ಮಿನುಗುವ ಚರ್ಮ, ತುದಿಯಲ್ಲಿ ಹಳದಿ ಮೊಗ್ಗಿನಂಥ ಬಾಯಿ, ಸುತ್ತ ಒಂದು ಕೆಂಪು ಬಳೆ. ಕುರು ಹಣ್ಣಾಗಿದೆ ಎಂದು ಅಜ್ಜಿಯರು ಕಣ್ಣಿನಿಂದಲೇ ಹೇಳುತ್ತಿದ್ದುದು ಇದನ್ನೇ. ಸೆಲ್ಯುಲೈಟಿಸ್‌ಗೆ ನಡುವೆಂಬುದಿಲ್ಲ. ಅದು ಹಾಸಿಕೊಂಡ ಕೆಂಪು. ಪಾದದಿಂದ ಮೊಣಕಾಲಿನತ್ತ ಏರುತ್ತಾ, ಎಲ್ಲಿ ಮುಗಿಯಿತೆಂದು ಬೆರಳಿಟ್ಟು ತೋರಿಸಲಾಗದ ಅಂಚಿನೊಂದಿಗೆ ಇರುತ್ತದೆ. ಚರ್ಮದ ಮೇಲ್ಪದರದಲ್ಲೇ ಹರಡುವ ಇದರ ಸೋದರ ಕಾಯಿಲೆ ಎರಿಸಿಪೆಲಾಸ್‌ನಲ್ಲಿ ಮಾತ್ರ ಅಂಚು ಎದ್ದು, ಸ್ಪಷ್ಟವಾಗಿ, ದಂಡೆಯ ಹಾಗೆ ಕಾಣುತ್ತದೆ. ಕೆಂಪಿನಿಂದ ತೊಡೆಯ ಕಡೆಗೆ ಸಪೂರ ಕೆಂಪು ಗೀರುಗಳು ಹೊರಟಿದ್ದರೆ ಸೋಂಕು ದುಗ್ಧನಾಳಗಳನ್ನು ಹಿಡಿದಿದೆ ಎಂದರ್ಥ.

ಆದರೆ ಪಾಠಪುಸ್ತಕದ ಈ ಚಿತ್ರಗಳು ಸುಲಭವಾದವು ಎಂಬ ಕಾರಣಕ್ಕೇ ಪಾಠಪುಸ್ತಕದಲ್ಲಿವೆ. ಕೀವು ಆಳದಲ್ಲಿದ್ದರೆ ಮೇಲೆ ಉಬ್ಬೂ ಇಲ್ಲ, ಬಾಯಿಯೂ ಇಲ್ಲ. ಪಿರ್ರೆಯ ಇಂಜೆಕ್ಷನ್ ಬಾವು, ಗುದದ್ವಾರದ ಪಕ್ಕದ ಗಡ್ಡೆ, ಹಾಲೂಡಿಸುವ ತಾಯಿಯ ಎದೆಯ ಕೀವು ಮೊದಲ ದಿನಗಳಲ್ಲಿ ಬರೀ ಕೆಂಪಾಗಿ, ಕೆಲವೊಮ್ಮೆ ಅದೂ ಆಗದೆ ಇರುತ್ತವೆ. ಕೀವು ಇದೆಯೆಂದು ಹೇಳುವುದು ಬೆರಳು. ಎರಡು ಬೆರಳಿಟ್ಟು ಒಂದರಿಂದ ಒತ್ತಿದಾಗ ಇನ್ನೊಂದು ಮೇಲಕ್ಕೆ ತಳ್ಳಿಸಿಕೊಂಡರೆ ಒಳಗೆ ದ್ರವವಿದೆ. ಬಿಸಿ, ನೋವು, ಗಟ್ಟಿತನ, ಒತ್ತಿದರೆ ಬಿಳಿಚುವುದು ಯಾವುದೂ ಫೋಟೊದಲ್ಲಿ ಬರುವುದಿಲ್ಲ. ಬೆರಳಿಗೂ ಮಿತಿಯಿದೆ ಎನ್ನಿ. ಅಮೆರಿಕದ ಒಂದು ತುರ್ತು ಚಿಕಿತ್ಸಾ ವಿಭಾಗದಲ್ಲಿ ಮುಟ್ಟಿ ನೋಡಿ ಸೆಲ್ಯುಲೈಟಿಸ್ ಎಂದುಕೊಂಡಿದ್ದ 126 ಮಂದಿಗೆ ಅಲ್ಟ್ರಾಸೌಂಡ್ ಮಾಡಿದಾಗ 71 ಮಂದಿಯ ಚಿಕಿತ್ಸೆಯ ದಾರಿ ಬದಲಾಯಿತೆಂದು 2006ರಲ್ಲಿ ವರದಿಯಾಯಿತು. ಸ್ಕ್ಯಾನಿನಲ್ಲಿ ಸೆಲ್ಯುಲೈಟಿಸ್‌ನ ಊತ ಕಲ್ಲುಹಾಸಿನ ಹಾಗೆ ತುಂಡು ತುಂಡಾಗಿ ಕಾಣುತ್ತದೆ, ಕೀವು ಕಪ್ಪು ಕೊಳದಂತೆ. ಇದಕ್ಕೆ ಭಾರಿ ಯಂತ್ರವೂ ಬೇಕಿಲ್ಲ, ಐದು ನಿಮಿಷ ಸಾಕು.

ಕೆಂಪು ಎಂದ ಮೇಲೆ ಸೋಂಕೇ ಇರಬೇಕೆಂದೂ ಇಲ್ಲ. ಬಾಸ್ಟನ್ನಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕಾಲಿನ ಸೆಲ್ಯುಲೈಟಿಸ್ ಎಂದು ದಾಖಲಾಗಿದ್ದ 259 ಮಂದಿಯ ಕಡತಗಳನ್ನು ನೋಡಿದಾಗ ಸುಮಾರು ಶೇ. 30 ಮಂದಿಗೆ ಆ ಕಾಯಿಲೆಯೇ ಇರಲಿಲ್ಲ. 2017ರಲ್ಲಿ ಇದು ಪ್ರಕಟವಾಯಿತು. ಅವರನ್ನು ನೋಡಿದ್ದ ವೈದ್ಯರು ಎದುರಿಗೇ ಇದ್ದವರು, ಕಾಲನ್ನು ಮುಟ್ಟಿದ್ದವರು. ಫೋಟೊ ನೋಡುವವರ ಸ್ಥಿತಿ ಅದಕ್ಕಿಂತ ಮೇಲಾಗಿರಲು ಸಾಧ್ಯವೇ? ಈ ವೇಷಧಾರಿಗಳಲ್ಲಿ ಮುಖ್ಯವಾದದ್ದು ರಕ್ತನಾಳಗಳ ದೋಷದಿಂದ ಕಾಲಿನಲ್ಲಿ ರಕ್ತ ಮಡುಗಟ್ಟಿ ಆಗುವ ಚರ್ಮದ ಉರಿಯೂತ. ಅದು ಹೆಚ್ಚಾಗಿ ಎರಡೂ ಕಾಲಿನಲ್ಲಿರುತ್ತದೆ, ತುರಿಸುತ್ತದೆ, ಜ್ವರ ತರುವುದಿಲ್ಲ. ಸೆಲ್ಯುಲೈಟಿಸ್ ಏಕಕಾಲದಲ್ಲಿ ಎರಡೂ ಕಾಲಿಗೆ ಬರುವುದು ಅಪರೂಪ. ಇಷ್ಟರಿಂದಲೇ ಒಂದು ಪಾಠ ಸಿಗುತ್ತದೆ: ಕೆಂಪಾದ ಜಾಗವನ್ನಷ್ಟೇ ಹತ್ತಿರದಿಂದ ತೆಗೆದು ಕಳಿಸುವ ಫೋಟೊ, ವೈದ್ಯರಿಗೆ ಹೆಚ್ಚು ಬೇಕಾದ ಇನ್ನೊಂದು ಕಾಲನ್ನು ಚೌಕಟ್ಟಿನಿಂದ ಹೊರಗಿಟ್ಟಿರುತ್ತದೆ.

ಇನ್ನು ನಮ್ಮ ಚರ್ಮದ ಮಾತು. ವೈದ್ಯಕೀಯ ಪುಸ್ತಕಗಳ ‘ಕೆಂಪು’ ಬಿಳಿ ಚರ್ಮದ ಕೆಂಪು. ಗೋಧಿ ಬಣ್ಣದ ಮೈಯಲ್ಲಿ ಅದು ತಾಮ್ರದ ಛಾಯೆ ಪಡೆಯುತ್ತದೆ. ಕಪ್ಪು ಮೈಯಲ್ಲಿ ನೇರಳೆಗೋ ಬೂದಿಗೋ ತಿರುಗುತ್ತದೆ, ಕೆಲವೊಮ್ಮೆ ಸುತ್ತಲಿನ ಚರ್ಮಕ್ಕಿಂತ ತುಸು ಗಾಢವಾಗಿ, ನುಣುಪಾಗಿ ಕಾಣುವುದಷ್ಟೇ. ಇದರ ಮೇಲೆ ಮೊಬೈಲಿನ ಕಿತಾಪತಿ ಬೇರೆ. ಕ್ಯಾಮೆರಾ ತನ್ನಷ್ಟಕ್ಕೆ ಬಣ್ಣ ಸರಿಪಡಿಸುತ್ತದೆ, ಹಳದಿ ಬಲ್ಬಿನಡಿ ಎಲ್ಲವನ್ನೂ ಕೆಂಪಗೆ ತೋರಿಸುತ್ತದೆ, ಫ್ಲಾಶ್ ಹಾಕಿದರೆ ಊದಿದ ಚರ್ಮ ಬಿಳಿಯಾಗಿ ಹೊಳೆಯುತ್ತದೆ. ನೆನ್ನೆ ಟ್ಯೂಬ್‌ಲೈಟ್, ಇಂದು ಬಾಗಿಲ ಬಳಿಯ ಬಿಸಿಲು ಎಂದಾದರೆ ಕಾಯಿಲೆ ಇದ್ದಲ್ಲೇ ಇದ್ದರೂ ಚಿತ್ರದಲ್ಲಿ ಅದು ವಾಸಿಯಾಗಿಬಿಡುತ್ತದೆ. ಅರಿಸಿನ ಮೆತ್ತಿಯೋ ಸುಣ್ಣ ಬಳಿದೋ ಬೆಟಾಡಿನ್ ಹಚ್ಚಿಯೋ ತೆಗೆದ ಫೋಟೊಗಳ ಕಥೆ ಹೇಳುವುದೇ ಬೇಡ.

ಗೆರೆ ಉಪಯೋಗಕ್ಕೆ ಬರುವುದು ಇಲ್ಲಿ. ಬಣ್ಣ ಎಷ್ಟು ಗಾಢ ಎಂಬುದನ್ನು ಕ್ಯಾಮೆರಾ ಸುಳ್ಳಾಗಿ ಹೇಳಬಹುದು. ಅಂಚು ಗೆರೆಯ ಒಳಗಿದೆಯೋ ಹೊರಗಿದೆಯೋ ಎಂಬುದರಲ್ಲಿ ಸುಳ್ಳು ಹೇಳುವುದು ಅಷ್ಟು ಸುಲಭವಲ್ಲ. ನೆನಪೂ ಕ್ಯಾಮೆರಾದಷ್ಟೇ ಮೋಸಗಾರ. ‘ನಿನ್ನೆಗಿಂತ ಜಾಸ್ತಿಯಾದ ಹಾಗಿದೆ’ ಎಂದು ಹೆಂಡತಿ, ‘ಇಲ್ಲ, ಇಷ್ಟೇ ಇತ್ತು’ ಎಂದು ಗಂಡ ವಾದಕ್ಕಿಳಿದಾಗ ಚರ್ಮದ ಮೇಲಿನ ಶಾಯಿ ಇಬ್ಬರನ್ನೂ ಸುಮ್ಮನಾಗಿಸುತ್ತದೆ. ಆಸ್ಪತ್ರೆಯಲ್ಲೂ ಅಷ್ಟೇ: ಬೆಳಗಿನ ಪಾಳಿಯ ವೈದ್ಯರು ನೋಡಿದ ಕಾಲನ್ನು ರಾತ್ರಿಯವರು ನೋಡಿರುವುದಿಲ್ಲ.

ಅಂಚನ್ನೇ ಅಳತೆಗೋಲಾಗಿ ಹಿಡಿದದ್ದು ಇಂದು ನಿನ್ನೆಯ ಯೋಚನೆಯಲ್ಲ. 1937ರಲ್ಲಿ ಸ್ನಾಡ್‌ಗ್ರಾಸ್ ಮತ್ತು ಆಂಡರ್ಸನ್ ಎಂಬ ವೈದ್ಯರು ಗ್ಲಾಸ್ಗೋದ ರುಚಿಲ್ ಆಸ್ಪತ್ರೆಯ 312 ಎರಿಸಿಪೆಲಾಸ್ ರೋಗಿಗಳ ಮೇಲೆ ಪ್ರಾಂಟೊಸಿಲ್ ಎಂಬ ಆಗಿನ ಹೊಸ ಸಲ್ಫಾ ಔಷಧವನ್ನು ಅತಿನೇರಳೆ ಕಿರಣದ ಚಿಕಿತ್ಸೆಯೊಂದಿಗೆ ಹೋಲಿಸಿ ನೋಡಿದರು. ಅವರು ಗಮನಿಸಿದ್ದರಲ್ಲಿ ಮುಖ್ಯವಾದದ್ದು ಕೆಂಪು ಹರಡುವುದು ಯಾವಾಗ ನಿಂತಿತು ಎಂಬುದು. ಔಷಧ ತೆಗೆದುಕೊಂಡವರಲ್ಲಿ ಅದು ಬೇಗ ನಿಂತಿತು. ಪೆನಿಸಿಲಿನ್ ಇನ್ನೂ ಔಷಧದಂಗಡಿಗೆ ಬಾರದ ಕಾಲ ಅದು. 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಚರ್ಮದ ಸೋಂಕಿನ ಹೊಸ ಆ್ಯಂಟಿಬಯಾಟಿಕ್‌ಗಳನ್ನು ಪರೀಕ್ಷಿಸಲು ಮಾರ್ಗಸೂಚಿ ಬರೆಯುವಾಗ ಈ ಹಳೆಯ ಪ್ರಯೋಗಗಳನ್ನೇ ಆಧಾರ ಮಾಡಿಕೊಂಡಿತು. ಕನಿಷ್ಠ 75 ಚದರ ಸೆಂಟಿಮೀಟರ್ ಹರವಿನ ಸೋಂಕು, ಚಿಕಿತ್ಸೆ ಶುರುವಾದ 48ರಿಂದ 72 ಗಂಟೆಯೊಳಗೆ ಶೇ. 20ರಷ್ಟಾದರೂ ಕುಗ್ಗಿದರೆ ಔಷಧ ಕೆಲಸ ಮಾಡಿತು ಎಂದು ಲೆಕ್ಕ. ಬ್ರಿಟನ್ನಿನ ನೈಸ್ ಸಂಸ್ಥೆ 2019ರ ಮಾರ್ಗಸೂಚಿಯಲ್ಲಿ, ಒಬ್ಬರಿಗೆ ಒಂದೇ ಸಲ ಬಳಸುವ ಮಾರ್ಕರ್ ಪೆನ್ನಿನಿಂದ ಸೋಂಕಿನ ಸುತ್ತ ಗೆರೆ ಎಳೆಯುವುದನ್ನು ಪರಿಗಣಿಸಿ ಎಂದಿತು. ಕಪ್ಪು ಚರ್ಮದಲ್ಲಿ ಕೆಂಪು ಅಷ್ಟಾಗಿ ಕಾಣದು ಎಂಬ ಎಚ್ಚರಿಕೆಯನ್ನೂ ಪಕ್ಕದಲ್ಲೇ ಇಟ್ಟಿತು.

ಒಂದು ಉದಾಹರಣೆ ಕಟ್ಟಿ ನೋಡೋಣ. ಮಲೆನಾಡಿನ ಗದ್ದೆಯಲ್ಲಿ ನಾಟಿ ಮಾಡುವ ಐವತ್ತೈದರ ಹೆಂಗಸು, ಸಕ್ಕರೆ ಕಾಯಿಲೆಯಿದೆ, ಕಾಲ್ಬೆರಳ ಸಂದಿನಲ್ಲಿ ಕೆಸರುಹುಣ್ಣು. ಸೋಮವಾರ ಮಧ್ಯಾಹ್ನ ಚಳಿ ಬಂದು ನಡುಗಿದ್ದಾಳೆ, ಸಂಜೆಗೆ ಬಲಗಾಲಿನ ಹರಡಿನಿಂದ ಮೀನಖಂಡದವರೆಗೆ ಕೆಂಪು, ಬಿಸಿ, ನೋವು. ವೈದ್ಯರು ಸೆಲ್ಯುಲೈಟಿಸ್ ಎಂದು ಔಷಧ ಶುರುಮಾಡಿ, ಮಲಗಿಸಿ, ಹಗಲಿನ ಬೆಳಕು ಆರುವ ಮೊದಲು ಗೆರೆ ಎಳೆಯುತ್ತಾರೆ. ಕಣ್ಣಿಗೆ ಅಂಚು ತಿಳಿಯದ ಕಡೆ ಬೆರಳುಗಳ ಹಿಂಬದಿಯಿಂದ ಬಿಸಿ ಎಲ್ಲಿ ಮುಗಿಯುತ್ತದೆಂದು ನೋಡಿ ಅಲ್ಲಿ ಚುಕ್ಕಿ ಇಡುತ್ತಾರೆ. ಗೆರೆಯ ಪಕ್ಕದಲ್ಲಿ ದಿನ, ಸಮಯ: ಸೋಮವಾರ, ಸಂಜೆ 6. ಟೇಪಿನಲ್ಲಿ ಉದ್ದ 20 ಸೆಂ.ಮೀ., ಅದಕ್ಕೆ ಅಡ್ಡವಾಗಿ ಅಗಲ 12, ಗುಣಿಸಿದರೆ 240. ನಿಜವಾದ ಹರವು ಇಷ್ಟೇ ಎಂದಲ್ಲ, ಮುಂದಿನ ಅಳತೆಗೆ ಹೋಲಿಸಲು ಒಂದು ಸಂಖ್ಯೆ ಅಷ್ಟೆ. ಕಾಲು ಗುಂಡಗಿರುವುದರಿಂದ ಮುಂದೆ, ಒಳಬದಿ, ಹೊರಬದಿ ಎಂದು ಮೂರು ಫೋಟೊ, ಎರಡೂ ಕಾಲು ಸೇರಿದ್ದು ಇನ್ನೊಂದು.

ಮಂಗಳವಾರ ಬೆಳಿಗ್ಗೆ ಮಗ ಗಾಬರಿಯಿಂದ ಫೋಟೊ ಕಳಿಸುತ್ತಾನೆ: ಮೇಲಂಚಿನಲ್ಲಿ ಕೆಂಪು ಗೆರೆಯನ್ನು ಒಂದು ಸೆಂಟಿಮೀಟರ್ ದಾಟಿದೆ. ಗೆರೆಯ ವಿರುದ್ಧ ಇರುವ ದೊಡ್ಡ ಆಕ್ಷೇಪ ಇದೇ. ಚಿಕಿತ್ಸೆ ಶುರುವಾದ ಮೊದಲ ಒಂದೆರಡು ದಿನ ಸಾಯುವ ಬ್ಯಾಕ್ಟೀರಿಯಾಗಳ ಅವಶೇಷಗಳಿಗೆ ದೇಹ ಪ್ರತಿಕ್ರಿಯಿಸುವುದರಿಂದ ಕೆಂಪು ಸ್ವಲ್ಪ ಹೆಚ್ಚುವುದು ಉಂಟು. ಗೆರೆ ದಾಟಿತೆಂದ ಕೂಡಲೇ ಔಷಧ ಬದಲಿಸಿ, ಇನ್ನೂ ಭಾರಿಯದನ್ನು ಇಂಜೆಕ್ಷನ್ನಿನಲ್ಲಿ ಏರಿಸುವ ಪ್ರಲೋಭನೆಗೆ ಗೆರೆಯೇ ಕಾರಣವಾಗುತ್ತದೆ ಎಂದು ಕೆಲವು ವೈದ್ಯರು ಗೊಣಗುತ್ತಾರೆ. ಗೊಣಗಾಟದಲ್ಲಿ ಹುರುಳಿದೆ, ಆದರೆ ತಪ್ಪು ಗೆರೆಯದ್ದಲ್ಲ, ಅದನ್ನೊಂದನ್ನೇ ಓದುವವರದ್ದು. ನಮ್ಮ ಹೆಂಗಸಿಗೆ ರಾತ್ರಿಯಿಂದ ಚಳಿ ಬಂದಿಲ್ಲ, ನೋವು ಕಡಿಮೆ, ಗಂಜಿ ಕುಡಿದಿದ್ದಾಳೆ. ಆಗ ಒಂದು ಸೆಂಟಿಮೀಟರಿಗೆ ಬೆದರಬೇಕಿಲ್ಲ. ಹಳೆಯ ಗೆರೆಯನ್ನು ಅಳಿಸದೆ, ಹೊಸ ಅಂಚಿಗೆ ಬೇರೆ ಬಣ್ಣದಲ್ಲಿ ಇನ್ನೊಂದು ಗೆರೆ, ಅದರ ಸಮಯ. ಮನೆಯವರು ಸಾಮಾನ್ಯವಾಗಿ ಎಡವುವುದು ಇಲ್ಲೇ: ಚೊಕ್ಕಟವಾಗಿರಲೆಂದು ದಿನವೂ ಹಳೆಯದನ್ನು ಒರೆಸಿ ಹೊಸದನ್ನು ಬರೆಯುತ್ತಾರೆ. ಆಗ ಉಳಿಯುವುದು ಬರೀ ಇವತ್ತಿನ ಅಂಚು.

ಬುಧವಾರ ಸಂಜೆ, 48 ಗಂಟೆಯ ಹೊತ್ತಿಗೆ, ಉದ್ದ 17, ಅಗಲ 10. ಗುಣಲಬ್ಧ 170, ಶೇ. 29ರಷ್ಟು ಇಳಿದಿದೆ. ಊತ ಇಳಿದಾಗ ಚರ್ಮದ ಜೊತೆ ಗೆರೆಯೂ ಒಳಕ್ಕೆ ಸರಿಯುತ್ತದೆ, ಆದ್ದರಿಂದ ಗೆರೆಗೂ ಕೆಂಪಿಗೂ ನಡುವಿನ ಅಂತರವನ್ನಷ್ಟೇ ನೋಡದೆ ಟೇಪಿನಲ್ಲೂ ಅಳೆಯುವುದು ಒಳ್ಳೆಯದು.

ಗುರುವಾರ ಕಥೆ ಬೇರೆ ತಿರುವು ಪಡೆಯುತ್ತದೆ. ಮೇಲಿನ ಕೆಂಪು ಇನ್ನಷ್ಟು ಹಿಂದೆ ಸರಿದಿದೆ, ಆದರೆ ಹರಡಿನ ಒಳಬದಿಯಲ್ಲಿ ಮೂರು ಸೆಂಟಿಮೀಟರಿನ ಒಂದು ಜಾಗ ಮಾತ್ರ ಕದಲಿಲ್ಲ. ಅಲ್ಲಿ ಹೆಚ್ಚು ನೋವು, ರಾತ್ರಿ ನಿದ್ದೆಗೆಡಿಸುವಷ್ಟು ಮಿಡಿತ, ಸಂಜೆಗೆ ಮತ್ತೆ ಜ್ವರ. ಒಂದೇ ಒಂದು ಫೋಟೊ ಆಗಿದ್ದರೆ ಇದು ‘ಇನ್ನೂ ಕೆಂಪಿದೆ’ ಎಂದಷ್ಟೇ ಹೇಳುತ್ತಿತ್ತು. ನಾಲ್ಕು ದಿನದ ಚಿತ್ರಗಳನ್ನು ಸಾಲಾಗಿ ಇಟ್ಟಾಗ ಎಲ್ಲೆಡೆ ಇಳಿಯುತ್ತಿರುವ ಕೆಂಪು ಒಂದೇ ಕಡೆ ಹಟ ಹಿಡಿದು ನಿಂತದ್ದು ಎದ್ದು ಕಾಣುತ್ತದೆ. ವೈದ್ಯರು ಕರೆಸಿ ಒತ್ತಿ ನೋಡುತ್ತಾರೆ, ಬೆರಳಡಿ ಮೆತ್ತಗಿದೆ, ಸ್ಕ್ಯಾನಿನಲ್ಲಿ ಕೀವು. ಅರಿವಳಿಕೆ ಕೊಟ್ಟು ಸೀಳಿ ಕೀವು ತೆಗೆದ ಮೇಲೆ ಜ್ವರ ಬಿಡುತ್ತದೆ. ಔಷಧ ಸೋತಿರಲಿಲ್ಲ, ಅದು ಮಾಡಲಾಗದ ಕೆಲಸ ಒಂದು ಮೂಲೆಯಲ್ಲಿ ಹುಟ್ಟಿಕೊಂಡಿತ್ತು. ಸೆಲ್ಯುಲೈಟಿಸ್‌ನಿಂದ ಕೀವುಗಡ್ಡೆಯನ್ನು ಮೊದಲ ದಿನವೇ ಫೋಟೊದಲ್ಲಿ ಬೇರ್ಪಡಿಸಬೇಕೆಂಬ ಹಂಬಲಕ್ಕಿಂತ, ಗೆರೆಯಿಟ್ಟು ಕಾಯ್ದರೆ ಅವು ತಾವಾಗಿ ಬೇರ್ಪಡುವುದನ್ನು ನೋಡುವುದು ಹೆಚ್ಚು ಫಲ ಕೊಡುತ್ತದೆ ಎಂದು ನಾನು ಹೇಳುವುದು ಇದಕ್ಕೇ.

ಕಾಯಬಾರದ ಸಂದರ್ಭವೂ ಒಂದಿದೆ. ಮಾಂಸವನ್ನು ಸುತ್ತುವ ಪೊರೆಯುದ್ದಕ್ಕೂ ಕೊಳೆಯುತ್ತಾ ಹೋಗುವ ಸೋಂಕಿನಲ್ಲಿ ಮೇಲಿನ ಚರ್ಮ ಮೊದಮೊದಲು ಸಾಧಾರಣ ಸೆಲ್ಯುಲೈಟಿಸ್‌ನಂತೆಯೇ ಇರುತ್ತದೆ. ಒಳಗಿನ ಹಾನಿ ಮಾತ್ರ ಕೆಂಪಿನ ಅಂಚನ್ನು ಎಂದೋ ದಾಟಿರುತ್ತದೆ. ಹೀಗಾಗಿ ಇಲ್ಲಿ ಗೆರೆ ಸುಳ್ಳು ಸಮಾಧಾನ ಕೊಡಬಹುದು. ನೋಟಕ್ಕೆ ಸಣ್ಣದು, ನೋವು ಮಾತ್ರ ಕಿರುಚುವಷ್ಟು ಎಂಬ ಅಸಮತೋಲ ಇದರ ಮೊದಲ ಗುರುತು. ಕೆಂಪಿನ ಆಚೆಗೂ ಮುಟ್ಟಿದರೆ ನೋವು, ಮರದ ಹಲಗೆಯಂಥ ಗಟ್ಟಿತನ, ಚರ್ಮ ನೇರಳೆಗಪ್ಪಾಗುವುದು, ಗುಳ್ಳೆಗಳು, ಆಮೇಲೆ ಇದ್ದಕ್ಕಿದ್ದಂತೆ ಆ ಜಾಗ ಜೋಮು ಹಿಡಿಯುವುದು. ಗೆರೆಯನ್ನು ಕೆಂಪು ದಿನಗಳಲ್ಲಲ್ಲದೆ ಗಂಟೆಗಳಲ್ಲಿ ದಾಟುತ್ತಿದ್ದರೆ, ಅಥವಾ ರೋಗಿ ತೊದಲುತ್ತಾ ಮಂಕಾಗುತ್ತಿದ್ದರೆ, ಇನ್ನೊಂದು ಫೋಟೊ ತೆಗೆಯುವ ಹೊತ್ತಿನಲ್ಲಿ ಗಾಡಿ ಹತ್ತಿಸಬೇಕು, ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ. ಇದೇ ಕಾರಣಕ್ಕೆ ಅನುಮಾನವಿದ್ದಾಗ ಎರಡು ಗೆರೆ ಎಳೆಯುವವರಿದ್ದಾರೆ: ಕೆಂಪಿನ ಅಂಚಿಗೆ ಗಟ್ಟಿ ಗೆರೆ, ನೋವಿನ ಅಂಚಿಗೆ ಚುಕ್ಕಿ ಗೆರೆ. ಚುಕ್ಕಿ ಗೆರೆ ಗಟ್ಟಿ ಗೆರೆಯಿಂದ ದೂರ ಸರಿಯುತ್ತಿದ್ದರೆ ಆಳದಲ್ಲಿ ಏನೋ ನಡೆದಿದೆ.

ಇನ್ನೊಂದು ತುದಿಯಲ್ಲಿ, ಗೆರೆಯನ್ನು ಎಷ್ಟು ದಿನ ನೋಡುತ್ತಿರಬೇಕು? ಚರ್ಮ ಪೂರ್ತಿ ಮೊದಲಿನಂತಾಗುವವರೆಗೆ ಅಲ್ಲ. ಸಾಧಾರಣ ಸೆಲ್ಯುಲೈಟಿಸ್‌ಗೆ ಐದರಿಂದ ಏಳು ದಿನದ ಔಷಧ ಸಾಮಾನ್ಯವಾಗಿ ಸಾಕು. ಕೆಂಪು ಹೋದ ಜಾಗದಲ್ಲಿ ನಮ್ಮ ಬಣ್ಣದ ಚರ್ಮ ಕಂದು ಕಲೆಯನ್ನು ವಾರಗಳು, ಕೆಲವೊಮ್ಮೆ ತಿಂಗಳುಗಳ ಕಾಲ ಉಳಿಸಿಕೊಳ್ಳುತ್ತದೆ. ಆ ಕಲೆಯ ಫೋಟೊ ತೋರಿಸಿ ಇನ್ನೊಂದು ಕೋರ್ಸ್ ಬರೆಸಿಕೊಳ್ಳುವವರು ಬಹಳ. ಒತ್ತಿದರೆ ಬಿಳಿಚದ, ಬಿಸಿಯಿಲ್ಲದ, ನೋಯದ ಬಣ್ಣ ಸೋಂಕಲ್ಲ. ಕರಾವಳಿಯ ಮತ್ತು ಕಲಬುರಗಿ ಕಡೆಯ ಆನೆಕಾಲು ರೋಗಿಗಳಲ್ಲಿ ಇದು ಮತ್ತೂ ಜಟಿಲ: ಅವರ ಕಾಲು ಮೊದಲೇ ಊದಿ ದಪ್ಪವಾಗಿರುತ್ತದೆ, ವರ್ಷದಲ್ಲಿ ಹಲವು ಸಲ ಜ್ವರದೊಂದಿಗೆ ಕೆಂಪೇರುತ್ತದೆ. ಅಂಥವರು ಆರಾಮವಾಗಿದ್ದ ದಿನದ ಒಂದು ಫೋಟೊವನ್ನು ಮೊಬೈಲಿನಲ್ಲಿ ಇಟ್ಟುಕೊಂಡಿದ್ದರೆ ಮುಂದಿನ ಸಲ ಯಾವುದು ಹೊಸ ಕೆಂಪು, ಯಾವುದು ಹಳೆಯ ಕಪ್ಪು ಎಂದು ವೈದ್ಯರು ತಡಕಾಡಬೇಕಿಲ್ಲ.

ಇಷ್ಟೆಲ್ಲ ಫೋಟೊಗಳ ನಡುವೆ ಯಾರೂ ಕಳಿಸದ ಚಿತ್ರ ಒಂದಿದೆ, ಕಾಲ್ಬೆರಳ ಸಂದಿನದು. ಮೇಲಿನ ಉದಾಹರಣೆಯ ಸೋಂಕು ಒಳಹೊಕ್ಕದ್ದು ಅಲ್ಲಿಂದ. ಗಡ್ಡೆ ಸೀಳಿ, ಕೆಂಪು ಇಳಿದು, ಗೆರೆ ಮಾಸಿದ ಮೇಲೂ ಬೆರಳ ಸಂದು ಬಿರಿದೇ ಇದ್ದರೆ ಮುಂದಿನ ಮಳೆಗಾಲದ ನಾಟಿಯಲ್ಲಿ ಅದೇ ಕಾಲು ಮತ್ತೆ ಕೆಂಪಾಗುವ ಸಂಭವ ಹೆಚ್ಚು. ಬೆರಳುಗಳನ್ನು ಅಗಲಿಸಿ ಹಿಡಿದು ಒಂದು ಚಿತ್ರ ಕೇಳಿ ತರಿಸಿಕೊಂಡು, ಶಿಲೀಂಧ್ರದ ಮುಲಾಮು ಬರೆದು, ಗದ್ದೆಯಿಂದ ಬಂದ ಮೇಲೆ ಸಂದುಗಳನ್ನು ಒಣಬಟ್ಟೆಯಲ್ಲಿ ಒರೆಸಲು ಹೇಳುವುದು ಅದೇ ಫೋನ್ ಕರೆಯಲ್ಲಿ ಮುಗಿಯುವ ಕೆಲಸ.